ಅಷ್ಟಮಿಯಿಂದ ಅಷ್ಟಮಿಗೆ ಎಷ್ಟು ದಿನ?

2025ರ ಆಗಸ್ಟ್ 16, ಶನಿವಾರ. ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಕೃಷ್ಣನ ಪುಟ್ಟ ಪಾದಗಳ ರಂಗೋಲಿ. ಅವತ್ತೇ ಯಾರಾದರೂ ಅಷ್ಟಮಿ ನೋಡೋಣವೆಂದು ಬನ್ನಂಜೆಯ ನಿಲ್ದಾಣದಲ್ಲಿ ಬಸ್ಸಿಳಿದು ಉಡುಪಿಯ ರಥಬೀದಿಗೆ ನಡೆದಿದ್ದರೆ ಪೆಚ್ಚಾಗಬೇಕಿತ್ತು. ಮೊಸರು ಕುಡಿಕೆ ಕಟ್ಟುವ ಗುರ್ಜಿಗಳು ಇನ್ನೂ ಎದ್ದಿರಲಿಲ್ಲ. ಉಡುಪಿಯ ಅಷ್ಟಮಿ ಬಂದದ್ದು ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ 15ಕ್ಕೆ. ನಡುವೆ ಇಪ್ಪತ್ತೊಂಬತ್ತು ದಿನ.

ಅದಕ್ಕೂ ಹಿಂದಿನ ವರ್ಷ ಈ ತಕರಾರು ಇರಲಿಲ್ಲ. 2024ರಲ್ಲಿ ಬೆಂಗಳೂರಿಗೂ ಉಡುಪಿಗೂ ಅಷ್ಟಮಿ ಆಗಸ್ಟ್ 26ರಂದೇ. ಹಾಗಾದರೆ ಒಂದು ಅಷ್ಟಮಿಯಿಂದ ಮುಂದಿನ ಅಷ್ಟಮಿಗೆ ಬೆಂಗಳೂರಿನವರು ಕಾದದ್ದು 355 ದಿನ, ಉಡುಪಿಯವರು ಕಾದದ್ದು 384 ದಿನ. 2026ರಲ್ಲಿ ಇಬ್ಬರಿಗೂ ಮತ್ತೆ ಒಂದೇ ದಿನ, ಸೆಪ್ಟೆಂಬರ್ 4. ಈ ಸಲ ಲೆಕ್ಕ ತಿರುಗುಮುರುಗು: ಬೆಂಗಳೂರಿಗೆ 384, ಉಡುಪಿಗೆ 355. ಎರಡೂ ವರ್ಷ ಕೂಡಿಸಿ ನೋಡಿದರೆ ಇಬ್ಬರದ್ದೂ 739. ಚಂದ್ರ ಒಬ್ಬನೇ, ಸೂರ್ಯನೂ ಒಬ್ಬನೇ. ಹೆಚ್ಚುವರಿ ತಿಂಗಳನ್ನು ಯಾವಾಗ ಜಮಾ ಮಾಡಬೇಕು ಎನ್ನುವಲ್ಲಷ್ಟೇ ಎರಡು ಊರುಗಳ ಪಂಚಾಂಗ ಬೇರೆಯಾಗಿದ್ದು.

ಈ ಲೆಕ್ಕವನ್ನು ಕಾಗದ, ಪೆನ್ಸಿಲಿನಲ್ಲಿ ಯಾರೂ ಮಾಡಬಹುದು. ಮೊದಲು ಅಷ್ಟಮಿಯನ್ನು ಆಕಾಶದಲ್ಲಿ ಗುರುತಿಸಿಕೊಳ್ಳೋಣ. ತಿಥಿ ಎಂದರೆ ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನ ಹನ್ನೆರಡು ಡಿಗ್ರಿ ಬೆಳೆಯಲು ಹಿಡಿಯುವ ಹೊತ್ತು. ಅಮಾವಾಸ್ಯೆಯ ಕೊನೆಗೆ ಈ ಕೋನ ಸೊನ್ನೆ, ಹುಣ್ಣಿಮೆಯ ಕೊನೆಗೆ 180. ಕೃಷ್ಣಪಕ್ಷದ ಅಷ್ಟಮಿ ಇಪ್ಪತ್ಮೂರನೆಯ ತಿಥಿಯಾದ್ದರಿಂದ ಅದು 264 ಡಿಗ್ರಿಯಲ್ಲಿ ಶುರುವಾಗಿ 276ಕ್ಕೆ ಮುಗಿಯುತ್ತದೆ. ಸರಿಯಾಗಿ ನಡುವೆ 270 ಡಿಗ್ರಿ, ಅಂದರೆ ಕ್ಷಯಿಸುತ್ತಿರುವ ಅರ್ಧಚಂದ್ರ. ಈ ಅರ್ಧಚಂದ್ರ ಸೂರ್ಯನಿಗಿಂತ ಕಾಲು ಸುತ್ತು ಮುಂಚೆ ಹುಟ್ಟುತ್ತಾನೆ, ಹಾಗಾಗಿ ಅವನ ಉದಯ ನಡುರಾತ್ರಿಯ ಆಸುಪಾಸಿನಲ್ಲಿ. ಕೃಷ್ಣಮಠದಲ್ಲಿ ಅಷ್ಟಮಿಯ ಅರ್ಘ್ಯಪ್ರದಾನಕ್ಕೆ ಜನ ನಡುರಾತ್ರಿಯವರೆಗೆ ಉಪವಾಸವಿದ್ದು ಕಾಯುವುದು ಚಂದ್ರೋದಯಕ್ಕಾಗಿ.

ಇದರಿಂದ ನಮಗೆ ಒಂದು ಅನುಕೂಲ. ಅರ್ಧಚಂದ್ರನ ಕ್ಷಣವನ್ನು ಖಗೋಳ ಕೋಷ್ಟಕಗಳು ನಿಮಿಷದ ಮಟ್ಟಿಗೆ ಕೊಡುತ್ತವೆ. ಪಂಚಾಂಗದ ಅಷ್ಟಮಿಯನ್ನು ಆ ಕ್ಷಣದ ಪಕ್ಕ ಇಟ್ಟು ಪರೀಕ್ಷಿಸಬಹುದು.

2024ರಲ್ಲಿ ಆ ಕ್ಷಣ ಆಗಸ್ಟ್ 26ರ ಮಧ್ಯಾಹ್ನ ಸುಮಾರು 3 ಗಂಟೆ. ದಿನದ ಭಿನ್ನರಾಶಿಯಲ್ಲಿ ಬರೆದರೆ ಆಗಸ್ಟ್ 26.62. ಚಂದ್ರನ ಒಂದು ತಿಂಗಳು, ಒಂದು ಅರ್ಧಚಂದ್ರದಿಂದ ಅಂಥದೇ ಮುಂದಿನ ಅರ್ಧಚಂದ್ರಕ್ಕೆ, ಸರಾಸರಿ 29.53 ದಿನ. ಹನ್ನೆರಡು ತಿಂಗಳಿಗೆ 354.37. ಗೋಡೆಯ ಮೇಲಿನ ಕ್ಯಾಲೆಂಡರಿನ ವರ್ಷಕ್ಕೆ 365 ದಿನ. ವ್ಯತ್ಯಾಸ 10.63. ಆದ್ದರಿಂದ ಹನ್ನೆರಡು ತಿಂಗಳ ಬಳಿಕ ಬರುವ ಅರ್ಧಚಂದ್ರ 10.63 ದಿನ ಹಿಂದಕ್ಕೆ ಸರಿದಿರುತ್ತಾನೆ. ನಡುವೆ ಫೆಬ್ರವರಿ 29 ಬಂದು ಹೋಗಿದ್ದರೆ 11.63 ದಿನ. 26.62ರಿಂದ 10.63 ಕಳೆದರೆ ಆಗಸ್ಟ್ 15.99, ಅಂದರೆ 15ರ ನಡುರಾತ್ರಿ. ನಿಜವಾದ ಅರ್ಧಚಂದ್ರ ಬಂದದ್ದು 16ರ ಬೆಳಗ್ಗೆ 10 ಗಂಟೆ 42 ನಿಮಿಷಕ್ಕೆ. ಹನ್ನೊಂದು ಗಂಟೆಯಷ್ಟು ತಪ್ಪು. ಈ ತಪ್ಪು ಎಲ್ಲಿಂದ ಬಂತೆಂದು ಮುಂದೆ ನೋಡೋಣ. ಪೆನ್ಸಿಲಿನ ಲೆಕ್ಕಕ್ಕೆ ಇದು ಅಡ್ಡಿಯಿಲ್ಲ.

ಬೆಂಗಳೂರಿನ ಪಂಚಾಂಗಕ್ಕೆ ಇಷ್ಟು ಸಾಕು. ಅದು ಶ್ರಾವಣದ ಕೃಷ್ಣಾಷ್ಟಮಿಯನ್ನು ಹುಡುಕುತ್ತದೆ, ಶ್ರಾವಣ ಚಾಂದ್ರಮಾಸದ ಹೆಸರು. ಉಡುಪಿ ಇಲ್ಲಿಗೆ ನಿಲ್ಲುವುದಿಲ್ಲ. ಆ ಹೊತ್ತಿಗೆ ಸೂರ್ಯ ಸಿಂಹ ರಾಶಿಯಲ್ಲಿ ಇರಲೇಬೇಕು ಎನ್ನುತ್ತದೆ. ಸಿಂಹ ಮಾಸ ಸೌರಮಾಸ. ತುಳುವರು ಅದನ್ನು ಸೋಣ ಎನ್ನುತ್ತಾರೆ, ಆಟಿ ಕಳೆದ ಮೇಲೆ ಬರುವ ತಿಂಗಳು. ಅದು ಆಗಸ್ಟ್ 17ರ ಹೊತ್ತಿಗೆ ಶುರುವಾಗಿ ಸೆಪ್ಟೆಂಬರ್ 16ರ ಹೊತ್ತಿಗೆ ಮುಗಿಯುತ್ತದೆ. ಕರಾವಳಿಯಲ್ಲಿ ಸೌರಮಾನ ಬಳಕೆಯಲ್ಲಿರುವುದಕ್ಕೆ ಬೇರೆ ಸಾಕ್ಷಿ ಬೇಡ. ಏಪ್ರಿಲ್ 14 ಅಥವಾ 15ಕ್ಕೆ ಬರುವ ಬಿಸು ಇಲ್ಲಿನ ಹೊಸ ವರ್ಷ, ಘಟ್ಟದ ಮೇಲಿನವರ ಯುಗಾದಿಯ ಹಾಗೆ ಅದು ಅತ್ತಿತ್ತ ಓಡಾಡುವುದಿಲ್ಲ.

2025ರಲ್ಲಿ ಸೂರ್ಯ ಸಿಂಹಕ್ಕೆ ಕಾಲಿಟ್ಟದ್ದು ಆಗಸ್ಟ್ 16 ಕಳೆದು 17ರ ನಸುಕಿನಲ್ಲಿ, ಸುಮಾರು ಎರಡು ಗಂಟೆಗೆ. ಅಷ್ಟಮಿ ತಿಥಿ ಮುಗಿದದ್ದು 16ರ ರಾತ್ರಿ ಒಂಬತ್ತೂವರೆಗೆ. ನಾಲ್ಕೂವರೆ ಗಂಟೆಯ ಅಂತರ. ಅಷ್ಟಮಿ ಆಟಿಯಲ್ಲೇ ಮುಗಿದುಹೋಯಿತು, ಸೋಣದ ಅಷ್ಟಮಿಗೆ ಇನ್ನೊಂದು ಸುತ್ತು ಕಾಯಬೇಕಾಯಿತು. ಪೆನ್ಸಿಲಿನಲ್ಲಿ 15.99ಕ್ಕೆ 29.53 ಕೂಡಿಸಿದರೆ 45.52, ಆಗಸ್ಟಿನ 31 ಕಳೆದರೆ ಸೆಪ್ಟೆಂಬರ್ 14.52. ನಿಜವಾದ ಅರ್ಧಚಂದ್ರ ಬಂದದ್ದು 14ರ ಸಂಜೆ ನಾಲ್ಕಕ್ಕೆ, ಅಂದರೆ 14.67. ಬಾಗಿಲು ಹಾಕುವ ಹೊತ್ತಿಗೆ ಓಡಿಬಂದ ಒಂದು ಅಷ್ಟಮಿ ಹೊರಗುಳಿದುದರಿಂದ ಒಂದು ಊರಿನ ಹಬ್ಬ ಪೂರ್ತಿ ತಿಂಗಳು ಮುಂದೆ ಹೋಯಿತು.

ಸಿಂಹ ಮಾಸದ ಉದ್ದ ಸುಮಾರು 31 ದಿನ, ಚಂದ್ರನ ತಿಂಗಳು 29.53. ಅಂದರೆ ಸಿಂಹದಲ್ಲಿ ಕೃಷ್ಣಾಷ್ಟಮಿಯೇ ಇಲ್ಲ ಎನ್ನುವ ವರ್ಷ ಬರುವ ಹಾಗಿಲ್ಲ. ಉಡುಪಿಯ ನಿಯಮ ಎಂದೂ ಖಾಲಿ ಕೈಯಲ್ಲಿ ಮರಳುವುದಿಲ್ಲ. ಅಪರೂಪಕ್ಕೆ, ತಿಂಗಳ ಮೊದಲ ದಿನದಲ್ಲೇ ಒಂದು ಅಷ್ಟಮಿ ಬಿದ್ದರೆ, ಕೊನೆಯಲ್ಲಿ ಇನ್ನೊಂದಕ್ಕೂ ಜಾಗ ಉಂಟು.

ಈ ಹಟ ಯಾಕೆ ಎಂದು ಕೇಳಬಹುದು. ಉತ್ತರ ರೋಹಿಣಿಯಲ್ಲಿದೆ. ಕೃಷ್ಣ ಹುಟ್ಟಿದ್ದು ಅಷ್ಟಮಿಯಂದು, ರೋಹಿಣಿ ನಕ್ಷತ್ರದಲ್ಲಿ ಎನ್ನುತ್ತದೆ ಪರಂಪರೆ. ಈಗ ರಾಶಿಚಕ್ರವನ್ನು 360 ಡಿಗ್ರಿಯ ವರ್ತುಲ ಮಾಡಿಕೊಳ್ಳಿ. ಮೇಷ ಸೊನ್ನೆಯಿಂದ ಶುರು, ಸಿಂಹ 120ರಿಂದ 150. ಅಷ್ಟಮಿಯ ನಡುವೆ ಚಂದ್ರ ಸೂರ್ಯನಿಗಿಂತ 270 ಡಿಗ್ರಿ ಮುಂದಿರುತ್ತಾನೆ. ಸಿಂಹದ ಸೂರ್ಯನಿಗೆ 270 ಕೂಡಿಸಿದರೆ 390ರಿಂದ 420. ಒಂದು ಪೂರ್ಣ ಸುತ್ತು ಕಳೆದರೆ 30ರಿಂದ 60. ಅದೇ ವೃಷಭ ರಾಶಿ. ರೋಹಿಣಿ ಇರುವುದು 40ರಿಂದ 53 ಡಿಗ್ರಿ 20 ಕಲೆಯವರೆಗೆ, ವೃಷಭದ ಹೊಟ್ಟೆಯಲ್ಲೇ. ಸೂರ್ಯ ಸಿಂಹದಲ್ಲಿದ್ದರೆ ಅಷ್ಟಮಿಯ ಚಂದ್ರ ರೋಹಿಣಿಯಲ್ಲೋ ಅದರ ನೆರೆಯ ಕೃತ್ತಿಕೆ, ಮೃಗಶಿರೆಯಲ್ಲೋ ಸಿಗುತ್ತಾನೆ. ಸೂರ್ಯ ಇನ್ನೂ ಕರ್ಕಾಟಕದಲ್ಲೇ ಇದ್ದರೆ ಚಂದ್ರ ವೃಷಭಕ್ಕೆ ತಲುಪುವುದೇ ಕಷ್ಟ.

2025ರ ಆಗಸ್ಟಿನಲ್ಲಿ ಆದದ್ದು ಇದೇ. ಅಷ್ಟಮಿಯ ಹೊತ್ತಿಗೆ ಚಂದ್ರ 29 ಡಿಗ್ರಿಯ ಆಸುಪಾಸು, ಕೃತ್ತಿಕೆಯಲ್ಲಿ. ರೋಹಿಣಿ ಹತ್ತಿದ್ದು 17ರ ನಸುಕಿನಲ್ಲಿ, ಅಷ್ಟಮಿ ಮುಗಿದು ಏಳು ಗಂಟೆ ಆದಮೇಲೆ. ತಿಥಿಗೂ ನಕ್ಷತ್ರಕ್ಕೂ ಮುಖಾಮುಖಿಯೇ ಆಗಲಿಲ್ಲ. ಬಹಳ ಕಡೆ ತಿಥಿ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡು ಹಬ್ಬ ಮಾಡಿದರು. ಸೆಪ್ಟೆಂಬರ್ 14ರ ಕಥೆಯೂ ಪರಿಪೂರ್ಣವೇನಲ್ಲ. ನಸುಕಿನಲ್ಲಿ ಅಷ್ಟಮಿ ಹತ್ತಿದಾಗ ರೋಹಿಣಿ ಇತ್ತು, ಸೂರ್ಯೋದಯಕ್ಕೆ ಎರಡೂ ಇದ್ದವು, ಎಂಟೂ ಮುಕ್ಕಾಲರ ಹೊತ್ತಿಗೆ ಚಂದ್ರ ಮೃಗಶಿರೆಗೆ ದಾಟಿದ. ನಡುರಾತ್ರಿಯ ಅರ್ಘ್ಯದ ಹೊತ್ತಿಗೆ ರೋಹಿಣಿ ಇರಲಿಲ್ಲ. ಸಿಂಹದ ಎರಡೂ ತುದಿಗಳಲ್ಲಿ ಹೀಗೆಯೇ: ಮೊದಲ ಹತ್ತು ದಿನ ಕೃತ್ತಿಕೆ ಅಡ್ಡ ಬರುತ್ತದೆ, ಕೊನೆಯ ವಾರ ಮೃಗಶಿರೆ. ನಡುವಿನ ಎರಡು ವಾರ ಅಷ್ಟಮಿ ಬಿದ್ದರೆ ಮಾತ್ರ ತಿಥಿ, ನಕ್ಷತ್ರ, ಮಾಸ ಮೂರೂ ನಿರಾಯಾಸವಾಗಿ ಸೇರುತ್ತವೆ. 2026ರ ಸೆಪ್ಟೆಂಬರ್ 4 ಅಂಥ ದಿನ. ಅರ್ಧಚಂದ್ರನ ಕ್ಷಣದಲ್ಲಿ ಚಂದ್ರ 47 ಡಿಗ್ರಿಯ ಬಳಿ, ರೋಹಿಣಿಯ ಒಳಗೆ.

ಬೆಂಗಳೂರಿನವರ ಲೆಕ್ಕದಲ್ಲಿ 2025ರ ಆಗಸ್ಟಿನಿಂದ 2026ರ ಸೆಪ್ಟೆಂಬರಿಗೆ 384 ದಿನ ಹೇಗೆ ಬಂತು? ಅವರೂ ಸೂರ್ಯನನ್ನು ಪೂರ್ತಿ ಕೈಬಿಟ್ಟಿಲ್ಲ. ಬಿಟ್ಟಿದ್ದರೆ ಹಬ್ಬ ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತ ಮಳೆಗಾಲದಿಂದ ಬೇಸಿಗೆಗೆ, ಅಲ್ಲಿಂದ ಚಳಿಗಾಲಕ್ಕೆ ಜಾರಿ ಮೂವತ್ತಮೂರು ವರ್ಷಕ್ಕೆ ಒಂದು ಸುತ್ತು ಮುಗಿಸುತ್ತಿತ್ತು. ಮುಸ್ಲಿಮರ ರಂಜಾನ್ ತಿಂಗಳು ಹಾಗೆಯೇ ಸುತ್ತುತ್ತದೆ, ಏಕೆಂದರೆ ಆ ಪಂಚಾಂಗದಲ್ಲಿ ತಿಂಗಳು ಸೇರಿಸುವ ಪದ್ಧತಿಯೇ ಇಲ್ಲ. ಚಾಂದ್ರಮಾನದವರು ಸೂರ್ಯನನ್ನು ಕೇಳುವುದು ತಿಂಗಳಿಗೆ ಹೆಸರಿಡುವಾಗ. ಅಮಾವಾಸ್ಯೆಯಿಂದ ಅಮಾವಾಸ್ಯೆಯ ನಡುವೆ ಸೂರ್ಯ ಯಾವ ರಾಶಿಗೆ ಕಾಲಿಟ್ಟ ಎಂದು ನೋಡಿ ಹೆಸರು ಕೊಡುತ್ತಾರೆ. ಕಾಲಿಡದೇ ಹೋದರೆ ಅದು ಅಧಿಕಮಾಸ.

2026ರಲ್ಲಿ ಅಧಿಕ ಜ್ಯೇಷ್ಠ. ಸೂರ್ಯ ಮೇ 15ಕ್ಕೆ ವೃಷಭಕ್ಕೆ ಬಂದಾಯಿತು. ಅಮಾವಾಸ್ಯೆ ಮುಗಿದದ್ದು ಮೇ 17ರ ನಸುಕಿನ ಒಂದೂವರೆಗೆ. ಮುಂದಿನ ಅಮಾವಾಸ್ಯೆ ಮುಗಿಯುವುದು ಜೂನ್ 15ರ ಬೆಳಗ್ಗೆ ಎಂಟೂವರೆಯ ಹೊತ್ತಿಗೆ, ಸೂರ್ಯ ಮಿಥುನಕ್ಕೆ ಹೋಗುವುದು ಅದೇ ದಿನ ಮಧ್ಯಾಹ್ನ. ಮತ್ತೆ ಕೆಲವೇ ಗಂಟೆಗಳ ಆಟ. ನಡುವಿನ ತಿಂಗಳಿಗೆ ಸಂಕ್ರಮಣ ಸಿಗಲಿಲ್ಲ, ಅದು ಅಧಿಕವಾಯಿತು, ಅದರ ಮುಂದಿನ ಶ್ರಾವಣ ಒಂದು ತಿಂಗಳು ಮುಂದೆ ಹೋಯಿತು. ಬೆಂಗಳೂರಿನವರು ಜೂನ್ ಹೊತ್ತಿಗೆ ಕಟ್ಟುವ ಈ ಬಾಕಿಯನ್ನು ಉಡುಪಿ ಹಿಂದಿನ ವರ್ಷದ ಆಗಸ್ಟಿನಲ್ಲೇ ಚುಕ್ತಾ ಮಾಡಿತ್ತು.

ಹಾಗಾದರೆ ಎರಡು ಅಷ್ಟಮಿಗಳು ಬೇರೆಯಾಗುವುದು ಎಷ್ಟು ಸಲ? ಇದನ್ನೂ ಪೆನ್ಸಿಲಿನಲ್ಲಿ ಹೇಳಬಹುದು. ಶ್ರಾವಣ ಎಂದರೆ ತನ್ನೊಳಗೆ ಸಿಂಹ ಸಂಕ್ರಮಣವನ್ನು ಹೊತ್ತ ತಿಂಗಳು. ಆ ಸಂಕ್ರಮಣ ತಿಂಗಳ ಯಾವ ದಿನವಾದರೂ ಬೀಳಬಹುದು. ಕೃಷ್ಣಾಷ್ಟಮಿ ಬರುವುದು ತಿಂಗಳ ಮುಕ್ಕಾಲು ಭಾಗ ಕಳೆದಾಗ. ಸಂಕ್ರಮಣ ಅದಕ್ಕಿಂತ ಮೊದಲೇ ಆಗಿದ್ದರೆ ಶ್ರಾವಣದ ಅಷ್ಟಮಿ ಸಿಂಹದ ಅಷ್ಟಮಿಯೂ ಹೌದು, ಎಲ್ಲರಿಗೂ ಒಂದೇ ದಿನ. ಸಂಕ್ರಮಣ ಉಳಿದ ಕಾಲು ಭಾಗದಲ್ಲಿ ಬಿದ್ದರೆ ಉಡುಪಿ ಬೇರೆ. ಹೆಚ್ಚುಕಡಿಮೆ ನಾಲ್ಕು ವರ್ಷಕ್ಕೊಂದು ಸಲ. 2017, 2020, 2025 ಇಂಥ ವರ್ಷಗಳು. 2020ರಲ್ಲಿ ಹೊರಗಿನವರು ಆಗಸ್ಟ್ 11, 12ರಂದು ಹಬ್ಬ ಮಾಡಿದರೆ ಉಡುಪಿಯ ವಿಟ್ಲಪಿಂಡಿ ಸೆಪ್ಟೆಂಬರ್ 11ಕ್ಕೆ ಕೋವಿಡ್ ನಿರ್ಬಂಧಗಳ ನಡುವೆ ನಡೆಯಿತು.

ಇನ್ನು ಆ ಹನ್ನೊಂದು ಗಂಟೆಯ ತಪ್ಪು. 29.53 ಸರಾಸರಿ ಸಂಖ್ಯೆ, ಚಂದ್ರ ಅದಕ್ಕೆ ಬದ್ಧನಲ್ಲ. ಅವನ ಹಾದಿ ಅಂಡಾಕಾರ. ಭೂಮಿಗೆ ಹತ್ತಿರವಿದ್ದಾಗ ಬಿರುಸು, ದೂರ ಹೋದಾಗ ನಿಧಾನ. 2025ರ ಆಗಸ್ಟ್ 16ರ ಅರ್ಧಚಂದ್ರದಿಂದ ಸೆಪ್ಟೆಂಬರ್ 14ರದ್ದಕ್ಕೆ ಹಿಡಿದದ್ದು 29.22 ದಿನ ಮಾತ್ರ, ಸರಾಸರಿಗಿಂತ ಏಳೂವರೆ ಗಂಟೆ ಕಡಿಮೆ. ಅದಕ್ಕೂ ಹಿಂದಿನ ಹನ್ನೆರಡು ತಿಂಗಳು ಸೇರಿ 354.82 ದಿನ, ಸರಾಸರಿಗಿಂತ ಹೆಚ್ಚು. ಈ ಏರುಪೇರು ಅರ್ಧ ದಿನ, ಕೆಲವೊಮ್ಮೆ ಅದಕ್ಕೂ ತುಸು ಹೆಚ್ಚು. ಹಬ್ಬ ಹಿಡಿಯುವ ದಿನವಾದರೋ ಪೂರ್ಣಸಂಖ್ಯೆ, ನಡುರಾತ್ರಿಗೆ ಅಷ್ಟಮಿ ಇದೆಯೇ ಎಂದು ನೋಡಿ ಗೊತ್ತುಮಾಡಿದ್ದು. ಹಾಗಾಗಿ ಅಂತರ 354 ಆಗಬಹುದು, 355 ಆಗಬಹುದು, ಹದಿಮೂರು ತಿಂಗಳಾದರೆ 383.9ರ ಬದಲು 383, 384, 385ರಲ್ಲಿ ಯಾವುದೂ ಆಗಬಹುದು.

ಇದರ ಅರ್ಥ, ಪೆನ್ಸಿಲಿನ ಉತ್ತರ ಆಗಸ್ಟ್ 17ರಿಂದ ಒಂದು ದಿನದ ಒಳಗೆ ಬಂದರೆ ಅದನ್ನು ನಂಬಿ ಬಸ್ಸಿನ ಟಿಕೆಟ್ ತೆಗೆಯಬಾರದು. ಅಲ್ಲಿ ಚಂದ್ರನ ನಿಜವಾದ ಸ್ಥಾನ ಬೇಕು, ಸಂಕ್ರಮಣದ ನಿಜವಾದ ಗಳಿಗೆ ಬೇಕು. ಹಳೆಯ ಸೂತ್ರಗಳ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ಜಗಳ ಹತ್ತುವುದು ಇಂಥ ಜಾಗದಲ್ಲೇ. ಎರಡರ ಸಂಕ್ರಮಣಗಳ ನಡುವೆ ಕೆಲವು ಗಂಟೆಗಳ ವ್ಯತ್ಯಾಸ ಇರುತ್ತದೆ, ಮತ್ತು 2025ರಂಥ ವರ್ಷದಲ್ಲಿ ಕೆಲವು ಗಂಟೆ ಎಂದರೆ ಒಂದು ತಿಂಗಳು.

ಬನ್ನಂಜೆಯ ನಾರಾಯಣ ಗುರು ಮಂದಿರದವರಿಗೆ ಸಿಂಹ ಮಾಸದ ಇನ್ನೊಂದು ಲೆಕ್ಕ ಉಂಟು. ಗುರುಗಳ ಜಯಂತಿಗೆ ತಿಥಿ ಬೇಡ. ಸಿಂಹದಲ್ಲಿ ಶತಭಿಷಾ ನಕ್ಷತ್ರ ಬಂದರೆ ಆಯಿತು. ನಕ್ಷತ್ರದಿಂದ ಅದೇ ನಕ್ಷತ್ರಕ್ಕೆ ಚಂದ್ರ ಮರಳಲು 27.32 ದಿನ ಸಾಕು, ಏಕೆಂದರೆ ನಕ್ಷತ್ರಗಳು ಸೂರ್ಯನ ಹಾಗೆ ಮುಂದಕ್ಕೆ ಸರಿಯುವುದಿಲ್ಲ. ಹದಿಮೂರು ಸುತ್ತಿಗೆ 355.2 ದಿನ, ಹದಿನಾಲ್ಕಕ್ಕೆ 382.5. 2023ರ ಆಗಸ್ಟ್ 31ರಿಂದ 2024ರ ಆಗಸ್ಟ್ 20ಕ್ಕೆ 355 ದಿನ. ಅಲ್ಲಿಂದ 2025ರ ಸೆಪ್ಟೆಂಬರ್ 7ಕ್ಕೆ 383. ಅಳತೆಗೋಲೇ ಬೇರೆ, ಆದರೂ ಸರಿಯುವ ದಿನಗಳು ಹೆಚ್ಚುಕಡಿಮೆ ಅಷ್ಟೇ. ಇದು ಕಾಕತಾಳೀಯ ಅಲ್ಲ. ಒಂದು ವರ್ಷದಲ್ಲಿ ಸೂರ್ಯ ತಾನೂ ಒಂದು ಸುತ್ತು ಹಾಕುತ್ತಾನೆ. ಆದ್ದರಿಂದ ಚಂದ್ರ ನಕ್ಷತ್ರಗಳ ಎದುರು ಹದಿಮೂರು ಸುತ್ತು ಮುಗಿಸುವ ಹೊತ್ತಿಗೆ ಸೂರ್ಯನನ್ನು ದಾಟಿರುವುದು ಹನ್ನೆರಡೇ ಸಲ.

ಆಗಸ್ಟ್ 17 ಎನ್ನುವ ಗಡಿಯೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ರಾಶಿಗಳು ನಕ್ಷತ್ರಗಳಿಗೆ ಕಟ್ಟುಬಿದ್ದಿವೆ. ನಕ್ಷತ್ರಗಳ ಎದುರು ಸೂರ್ಯನ ಸುತ್ತು 365.2564 ದಿನ. ಗೋಡೆಯ ಕ್ಯಾಲೆಂಡರು ಋತುಗಳಿಗೆ ಕಟ್ಟುಬಿದ್ದಿದೆ. ಋತುವಿನಿಂದ ಋತುವಿಗೆ 365.2422. ಭೂಮಿಯ ಅಕ್ಷ ಮೆಲ್ಲಗೆ ವಾಲುತ್ತ ತಿರುಗುವುದರಿಂದ ಈ ಇಪ್ಪತ್ತು ನಿಮಿಷದ ವ್ಯತ್ಯಾಸ. ಸುಮಾರು 71 ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ನಮ್ಮ ಕಾಲಕ್ಕೆ ಆ ಸಂಕ್ರಾಂತಿ 14, 15ಕ್ಕೆ ಬಂದು ನಿಂತಿದೆ. ಸಿಂಹ ಸಂಕ್ರಮಣವೂ ಅದೇ ವೇಗದಲ್ಲಿ ಸರಿಯುತ್ತಿದೆ, ಅದರ ಜೊತೆಗೆ ಅಷ್ಟಮಿಯೂ. ಇದು ಒಂದು ಜೀವಮಾನದಲ್ಲಿ ಗಮನಕ್ಕೆ ಬರುವ ಸಂಗತಿಯಲ್ಲ.

ಗಮನಕ್ಕೆ ಬರುವುದು ಹತ್ತೊಂಬತ್ತು ವರ್ಷದ ಮರುಕಳಿಕೆ. ಚಂದ್ರನ 235 ತಿಂಗಳು ಎಂದರೆ 6939.7 ದಿನ, ಹತ್ತೊಂಬತ್ತು ಸೌರವರ್ಷ ಎಂದರೆ 6939.9. ಹೆಚ್ಚುಕಡಿಮೆ ಸಮ. ಹತ್ತೊಂಬತ್ತರಲ್ಲಿ ಹನ್ನೆರಡು ವರ್ಷಕ್ಕೆ ಹನ್ನೆರಡು ತಿಂಗಳು, ಉಳಿದ ಏಳಕ್ಕೆ ಹದಿಮೂರು. 2025ರಿಂದ ಹತ್ತೊಂಬತ್ತು ಕಳೆಯಿರಿ: 2006ರಲ್ಲೂ ಶ್ರಾವಣದ ಅಷ್ಟಮಿ ಆಗಸ್ಟ್ 16ಕ್ಕೇ ಬಂದಿತ್ತು, ಅರ್ಧಚಂದ್ರನ ಕ್ಷಣದಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷಗಳಷ್ಟು ಮಾತ್ರ ಹಿಂದುಮುಂದು. ಮನೆಯಲ್ಲಿ ಹಳೆಯ ಪಂಚಾಂಗಗಳನ್ನು ಎಸೆಯದೆ ಕಟ್ಟಿ ಅಟ್ಟದ ಮೇಲಿಟ್ಟವರಿಗೆ ಇದು ಒಳ್ಳೆಯ ಪರೀಕ್ಷೆ.

ಮುಂದಿನ ವರ್ಷಗಳನ್ನು ನೀವೇ ಮಾಡಿ ನೋಡಬಹುದು. 2026ರ ಅರ್ಧಚಂದ್ರ ಸೆಪ್ಟೆಂಬರ್ 4.56. ಅದರಿಂದ 10.63 ಕಳೆದರೆ 2027ಕ್ಕೆ ಆಗಸ್ಟ್ 24.93; ಕೋಷ್ಟಕ ಹೇಳುವುದು 25ರ ಬೆಳಗ್ಗೆ ಎಂಟು. ಗಡಿಯಿಂದ ದೂರ, ಎಲ್ಲರಿಗೂ ಒಂದೇ ಅಷ್ಟಮಿ. ಆ ಕೋಷ್ಟಕದ 25.33ನ್ನೇ ಹಿಡಿದು ಮುಂದೆ ಹೋಗೋಣ. 2028ರಲ್ಲಿ ಫೆಬ್ರವರಿ 29 ಇರುವುದರಿಂದ 11.63 ಕಳೆಯಬೇಕು. ಆಗಸ್ಟ್ 13.70. ಸಿಂಹ ಸಂಕ್ರಮಣಕ್ಕೆ ಇನ್ನೂ ಮೂರು ದಿನ ಇದೆ, ಅನುಮಾನಕ್ಕೆ ಎಡೆಯೇ ಇಲ್ಲ. ಬೆಂಗಳೂರಿನಲ್ಲಿ ಆಗಸ್ಟ್ 13ಕ್ಕೆ ಚಕ್ಕುಲಿ ಕರಿಯುತ್ತಾರೆ. ಉಡುಪಿಗೆ 29.53 ಕೂಡಿಸಿ, ಸೆಪ್ಟೆಂಬರ್ 12.23 ಬರುತ್ತದೆ, 12ರ ಬೆಳಗ್ಗೆ ಐದೂವರೆ. ಅಷ್ಟಮಿ ಅದಕ್ಕೂ ಅರ್ಧ ದಿನ ಮೊದಲೇ ಹತ್ತಿರುತ್ತದೆ, ಆದ್ದರಿಂದ ಅರ್ಘ್ಯದ ನಡುರಾತ್ರಿ 11ರದ್ದು.